%R ಮತ್ತು ಸ್ಟೊಕಾಸ್ಟಿಕ್: ಲೆಕ್ಕ ಒಂದೇ, ಗೆರೆ ಮಾತ್ರ ಎರಡು

ನನ್ನ ಚಾರ್ಟಿನ ಕೆಳಗೆ ತುಂಬಾ ದಿನ ಎರಡು ಇಂಡಿಕೇಟರ್‌ ಇದ್ದವು. ಒಂದು ವಿಲಿಯಮ್ಸ್ ಪರ್ಸೆಂಟ್ ಆರ್, ಇನ್ನೊಂದು ಸ್ಟೊಕಾಸ್ಟಿಕ್. ಎರಡೂ ಒಟ್ಟಿಗೆ ಮೇಲೆ ಹೋದರೆ 'ಎರಡು ಕಡೆಯಿಂದ ಖಾತ್ರಿ ಆಯ್ತು' ಅಂದುಕೊಳ್ಳುತ್ತಿದ್ದೆ. ಒಂದು ಸಂಜೆ ಬಿಡುವಿದ್ದಾಗ ಸುಮ್ನೆ ಎರಡರ ಅಂಕಿಗಳನ್ನೂ ಸ್ಪ್ರೆಡ್‌ಶೀಟಿಗೆ ಹಾಕಿ ಕಳೆದು ನೋಡಿದೆ. ಪ್ರತಿ ಸಾಲಿನಲ್ಲೂ ಬಂದದ್ದು 100. ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆಗೆ ಹತ್ತಿಸಿದ್ದೆ, ಅಷ್ಟೇ.

ಆ ಸಂಜೆಯ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಮಾಡೋಣ. ಕೂಡು, ಕಳೆ, ಭಾಗಿಸು ಬಂದರೆ ಸಾಕು. ಎರಡೂ ಎಲ್ಲಿ ಒಂದೇ, ಎಲ್ಲಿ ನಿಜಕ್ಕೂ ಬೇರೆ, ನಿಮ್ಮ ಚಾರ್ಟಿನಲ್ಲಿ ಹೊಂದದಿದ್ದರೆ ತಪ್ಪು ಎಲ್ಲಿದೆ ಅಂತ ನೋಡೋಣ.

## ಅಳತೆ ಎಲ್ಲಿಂದ ಶುರು?

ಹತ್ತು ಅಡಿ ಎತ್ತರದ ಕಂಬದ ಮೇಲೆ ಒಂದು ಇರುವೆ ಕೂತಿದೆ ಅಂದುಕೊಳ್ಳಿ. ಕೆಳಗಿನಿಂದ ಅಳೆದರೆ ಎಂಟು ಅಡಿ, ಮೇಲಿನಿಂದ ಅಳೆದರೆ ಎರಡು ಅಡಿ. ಇರುವೆ ಇರುವ ಜಾಗ ಮಾತ್ರ ಒಂದೇ.

ಕಂಬದ ತುದಿ ಅಂದರೆ ಇಷ್ಟು ದಿನಗಳಲ್ಲಿ ಬಂದ ಅತಿ ದೊಡ್ಡ ಹೈ. ಬುಡ ಅಂದರೆ ಅತಿ ಚಿಕ್ಕ ಲೋ. ಇರುವೆ ಅಂದರೆ ಇವತ್ತಿನ ಕ್ಲೋಸ್. ಸ್ಟೊಕಾಸ್ಟಿಕ್‌ನ %K ಬುಡದಿಂದ ಅಳೆಯುತ್ತದೆ. %R ತುದಿಯಿಂದ ಅಳೆಯುತ್ತದೆ, ಆಮೇಲೆ ಅಳತೆಗೆ ಒಂದು ಮೈನಸ್ ಅಂಟಿಸುತ್ತದೆ.

ಸ್ಟೊಕಾಸ್ಟಿಕ್ ಅನ್ನು 1950ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ತಂದವರು ಜಾರ್ಜ್ ಲೇನ್. %R ಬಂದದ್ದು ಆಮೇಲೆ. ಅದನ್ನು ಲ್ಯಾರಿ ವಿಲಿಯಮ್ಸ್ 1973ರಲ್ಲಿ ಪ್ರಕಟಿಸಿದರು. ಇಬ್ಬರ ಹೆಸರೂ ಇಷ್ಟು ದೊಡ್ಡದಾಗಿರುವುದರಿಂದ ಎರಡೂ ಬೇರೆ ಬೇರೆ ಅನ್ನಿಸುತ್ತದೆ. ಸೂತ್ರ ಬರೆದು ನೋಡಿದಾಗ ಹಾಗನ್ನಿಸುವುದಿಲ್ಲ.

```
%K =  100 × (C − LL) / (HH − LL)
%R = −100 × (HH − C) / (HH − LL)
```

ಇಲ್ಲಿ `HH` ಅಂದರೆ ಆ ಅವಧಿಯ ಅತಿ ದೊಡ್ಡ ಹೈ, `LL` ಅಂದರೆ ಅತಿ ಚಿಕ್ಕ ಲೋ, `C` ಅಂದರೆ ಇವತ್ತಿನ ಕ್ಲೋಸ್. ಇವತ್ತಿನ ಕ್ಯಾಂಡಲ್ ಕೂಡ ಅವಧಿಯೊಳಗೆ ಸೇರಿರಬೇಕು. ಅದನ್ನು ಬಿಟ್ಟು ಹಿಂದಿನ ದಿನಗಳನ್ನು ಮಾತ್ರ ತೆಗೆದುಕೊಂಡರೆ ಕ್ಲೋಸ್ ಕಂಬದ ತುದಿಯನ್ನೂ ದಾಟಬಹುದು. ಆಗ %K ನೂರರ ಮೇಲೆ ಹೋಗುತ್ತದೆ. ಎಲ್ಲಾದರೂ %K 104 ಅಥವಾ −6 ಅಂತ ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಭಾಗಿಸುವ ಸಂಖ್ಯೆ ಎರಡರಲ್ಲೂ ಒಂದೇ, ಅಂದರೆ ಕಂಬದ ಎತ್ತರ. ಮೇಲಿನ ಸಂಖ್ಯೆ ಮಾತ್ರ ಬೇರೆ. ಆದರೆ ಬುಡದಿಂದ ಕ್ಲೋಸ್‌ವರೆಗಿನ ದೂರ ಮತ್ತು ಕ್ಲೋಸ್‌ನಿಂದ ತುದಿವರೆಗಿನ ದೂರ ಕೂಡಿದರೆ ಇಡೀ ಕಂಬ ಆಗಲೇಬೇಕು, ಅಲ್ವಾ? ಅದನ್ನೇ ಬರೆಯೋಣ.

```
(HH − C) = (HH − LL) − (C − LL)

%R = −100 × [ (HH − LL) − (C − LL) ] / (HH − LL)
   = −100 + 100 × (C − LL) / (HH − LL)
   = %K − 100
```

ಪೂರ್ತಿ ಗಣಿತ ಇಷ್ಟೇ. %K ನಲ್ಲಿ 100 ಕಳೆದರೆ %R, %R ಗೆ 100 ಕೂಡಿದರೆ %K. ಗೆರೆಯ ಆಕಾರ ಒಂದು ಚೂರೂ ಬದಲಾಗುವುದಿಲ್ಲ, ಇಡೀ ಗೆರೆ ನೂರು ಮನೆ ಕೆಳಗೆ ಇಳಿದು ಕೂರುತ್ತದೆ. %R ನ −20 ಅಂದರೆ %K ನ 80. −80 ಅಂದರೆ 20. −50 ಅಂದರೆ 50, ಎರಡೂ ಕಂಬದ ನಟ್ಟನಡುವೆ.

ಮೈನಸ್ ಯಾಕೆ ಅಂತ ಕೇಳಬಹುದು. ಮೈನಸ್ ಇಲ್ಲದೆ ಬರೆದರೆ ಬೆಲೆ ಮೇಲೆ ಹೋದಾಗ ಗೆರೆ ಕೆಳಗೆ ಬರುತ್ತದೆ, ಕಣ್ಣಿಗೆ ಉಲ್ಟಾ ಕಾಣುತ್ತದೆ. ಹಾಗೆ ಮೈನಸ್ ಇಲ್ಲದೆ 0ಯಿಂದ 100ರವರೆಗೆ ಅಂಕಿ ಕೊಡುವ ಪಟ್ಟಿಗಳೂ ಸಿಗುತ್ತವೆ. ಅಂಥದ್ದು ಸಿಕ್ಕರೆ ಅದನ್ನು 100ರಿಂದ ಕಳೆಯಿರಿ, %K ಬರುತ್ತದೆ. ಇದನ್ನು ಗಮನಿಸದೆ ಅಂಥ ಪಟ್ಟಿಯ 15 ಅನ್ನು ಸ್ಟೊಕಾಸ್ಟಿಕ್‌ನ 15 ಅಂತ ಓದಿದರೆ ಓವರ್‌ಬಾಟ್ ಜಾಗವನ್ನು ಓವರ್‌ಸೋಲ್ಡ್ ಅಂದುಕೊಳ್ಳುತ್ತೀರಿ.

## ಕೈಯಲ್ಲೇ ಒಂದು ಲೆಕ್ಕ

ಸಾಮಾನ್ಯವಾಗಿ ಅವಧಿ 14 ಇರುತ್ತದೆ. ಕೈಲೆಕ್ಕಕ್ಕೆ ಅದು ಜಾಸ್ತಿ, ಹಾಗಾಗಿ 5 ಇಟ್ಟುಕೊಳ್ಳೋಣ. ಈ ಒಂಬತ್ತು ದಿನದ ಬೆಲೆಗಳು ನಾನೇ ಕಟ್ಟಿದವು.

| ದಿನ | ಹೈ | ಲೋ | ಕ್ಲೋಸ್ |
|---|---|---|---|
| 1 | 104 | 100 | 102 |
| 2 | 106 | 102 | 105 |
| 3 | 108 | 104 | 107 |
| 4 | 110 | 105 | 106 |
| 5 | 109 | 103 | 108 |
| 6 | 112 | 107 | 111 |
| 7 | 115 | 106 | 109 |
| 8 | 110 | 104 | 106 |
| 9 | 113 | 105 | 112 |

ಐದನೇ ದಿನ ನೋಡಿ. ಒಂದರಿಂದ ಐದರವರೆಗೆ ಅತಿ ದೊಡ್ಡ ಹೈ 110, ಅತಿ ಚಿಕ್ಕ ಲೋ 100. ಕಂಬದ ಎತ್ತರ 10. ಕ್ಲೋಸ್ 108. ಬುಡದಿಂದ 8 ದೂರ, ಆದ್ದರಿಂದ %K 80. ತುದಿಯಿಂದ 2 ದೂರ, ಆದ್ದರಿಂದ %R −20.

ಆರನೇ ದಿನ ಈ ಐದು ದಿನದ ಕಿಟಕಿ ಒಂದು ಹೆಜ್ಜೆ ಸರಿಯುತ್ತದೆ. ಎರಡನೇ ದಿನದಿಂದ ಆರನೇ ದಿನದವರೆಗೆ. ಹೈ 112, ಲೋ 102, ಎತ್ತರ ಮತ್ತೆ 10. ಕ್ಲೋಸ್ 111. %K 90, %R −10. ಏಳನೇ ದಿನ ಹೈ 115, ಲೋ 103, ಎತ್ತರ 12, ಕ್ಲೋಸ್ 109. %K 50, %R −50. ಇದೇ ರೀತಿ ಮಾಡಿದರೆ ಎಂಟನೇ ದಿನ 25 ಮತ್ತು −75, ಒಂಬತ್ತನೇ ದಿನ 75 ಮತ್ತು −25.

ಇದನ್ನು ಸ್ಪ್ರೆಡ್‌ಶೀಟಿನಲ್ಲಿ ಮಾಡುವುದು ಸುಲಭ. A ಕಾಲಮ್ಮಿಗೆ ದಿನ, B ಗೆ ಹೈ, C ಗೆ ಲೋ, D ಗೆ ಕ್ಲೋಸ್ ತುಂಬಿ. ಮೊದಲ ಸಾಲು ತಲೆಬರಹಕ್ಕೆ. ಹಾಗಾದರೆ ಐದನೇ ದಿನ ಆರನೇ ಸಾಲಿನಲ್ಲಿ ಇರುತ್ತದೆ. ಅಲ್ಲಿ ಇವನ್ನು ಬರೆದು ಹತ್ತನೇ ಸಾಲಿನವರೆಗೆ ಕೆಳಗೆ ಎಳೆಯಿರಿ.

```
E6: =MAX(B2:B6)
F6: =MIN(C2:C6)
G6: =IF(E6=F6,"",100*(D6-F6)/(E6-F6))
H6: =IF(E6=F6,"",-100*(E6-D6)/(E6-F6))
I6: =IF(G6="","",ROUND(G6-H6,6))
```

G ಯಲ್ಲಿ %K, H ನಲ್ಲಿ %R. I ಕಾಲಮ್ಮಿನಲ್ಲಿ ಎಲ್ಲಾ ಸಾಲಿಗೂ 100 ಬರಬೇಕು. `ROUND` ಯಾಕೆ ಅಂದರೆ, ಕಂಪ್ಯೂಟರ್ ಭಾಗಾಕಾರದಲ್ಲಿ ಕೊನೆಯ ದಶಾಂಶ ಒಮ್ಮೊಮ್ಮೆ ಒಂಚೂರು ಆಚೀಚೆ ಆಗುತ್ತದೆ. ಸರಿಯಾಗಿ 80 ಬರಬೇಕಾದಲ್ಲಿ 79.99999999999999 ಬಂದು 'ದಾಟಿತೇ ಇಲ್ಲವೇ' ಎಂಬ ಷರತ್ತು ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ ಅನ್ನಬಹುದು.

`IF(E6=F6…)` ಕೂಡ ಅಲಂಕಾರಕ್ಕೆ ಹಾಕಿದ್ದಲ್ಲ. ವ್ಯವಹಾರವೇ ಇಲ್ಲದ ಅಥವಾ ಬೆಲೆ ಒಂದೇ ಕಡೆ ಸಿಕ್ಕಿಕೊಂಡ ಅವಧಿಯಲ್ಲಿ ಹೈ ಮತ್ತು ಲೋ ಒಂದೇ ಆಗಿಬಿಡಬಹುದು. ಆಗ ಕಂಬದ ಎತ್ತರ ಸೊನ್ನೆ. ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ. ಅಲ್ಲಿ ಏನು ತೋರಿಸಬೇಕು ಅನ್ನುವುದು ಸೂತ್ರದಲ್ಲಿ ಇಲ್ಲ, ಪ್ರೋಗ್ರಾಂ ಬರೆದವರೇ ಏನೋ ಒಂದು ತೀರ್ಮಾನ ಮಾಡಿರುತ್ತಾರೆ. ಖಾಲಿ ಬಿಡುವುದೇ ನನಗೆ ಪ್ರಾಮಾಣಿಕ ಅನ್ನಿಸುತ್ತದೆ.

ಟ್ರೇಡಿಂಗ್‌ವ್ಯೂ ಬಳಸುವವರು ಇದನ್ನು ನೇರವಾಗಿ ಚಾರ್ಟಿನಲ್ಲೇ ನೋಡಬಹುದು.

```
//@version=5
indicator("K - R")
k = ta.stoch(close, high, low, 14)
r = ta.wpr(14)
plot(k - r)
```

ಯಾವ ಚಾರ್ಟಿಗೆ ಹಾಕಿದರೂ 100ರಲ್ಲಿ ಒಂದು ಮಟ್ಟಸ ಗೆರೆ ಬರುತ್ತದೆ. ಇದಕ್ಕಿಂತ ಬೋರಿನ ಇಂಡಿಕೇಟರ್ ನಾನು ನೋಡಿಲ್ಲ.

## ಹಾಗಾದರೆ ಎರಡು ಗೆರೆ ಬೇರೆ ಕಾಣುವುದೇಕೆ?

ಸ್ಟೊಕಾಸ್ಟಿಕ್ ಅಂತ ಜನ ಸಾಮಾನ್ಯವಾಗಿ ಹೇಳುವುದು ನಾವು ಮೇಲೆ ಲೆಕ್ಕ ಹಾಕಿದ ಹಸಿ %K ಗೆ ಅಲ್ಲ. ಅದನ್ನು ಸರಾಸರಿ ಮಾಡಿ ನಯ ಮಾಡಿದ ಗೆರೆಗೆ. 14, 3, 3 ಅಂತ ಸೆಟ್ಟಿಂಗ್ ಇದ್ದರೆ ಮೊದಲ ಸಂಖ್ಯೆ ಕಿಟಕಿಯ ಅಗಲ. ಎರಡನೆಯದು ಹಸಿ %K ಯ ಮೂರು ದಿನದ ಸರಾಸರಿ, ಇದನ್ನು ಸ್ಲೋ %K ಅನ್ನುತ್ತಾರೆ. ಮೂರನೆಯದು ಆ ಸರಾಸರಿಯದ್ದೇ ಮತ್ತೊಂದು ಮೂರು ದಿನದ ಸರಾಸರಿ, ಇದು %D. ವಿಲಿಯಮ್ಸ್ ಗೆರೆಗೆ ಈ ನಯ ಮಾಡುವ ಕೆಲಸ ಇಲ್ಲ, ಅದು ಹಸಿಯಾಗಿಯೇ ಬರುತ್ತದೆ.

ಎರಡರ ನಡುವಿನ ನಿಜವಾದ ವ್ಯತ್ಯಾಸ ಇದೊಂದೇ. ಇದನ್ನೂ ನಮ್ಮ ಅಂಕಿಗಳಲ್ಲೇ ನೋಡೋಣ. ಏಳನೇ ದಿನದ ಸ್ಲೋ %K ಅಂದರೆ 80, 90, 50ರ ಸರಾಸರಿ, 73.33. ಅದೇ ದಿನ %R ನ ಮೂರು ದಿನದ ಸರಾಸರಿ ತೆಗೆಯಿರಿ. −20, −10, −50 ಕೂಡಿ ಮೂರರಿಂದ ಭಾಗಿಸಿದರೆ −26.67. ಅದಕ್ಕೆ ನೂರು ಸೇರಿಸಿ, 73.33 ಬಂತು. ಪ್ರತಿ ಸಂಖ್ಯೆಯಲ್ಲೂ ನೂರು ಕಡಿಮೆ ಇದ್ದರೆ ಸರಾಸರಿಯಲ್ಲೂ ನೂರೇ ಕಡಿಮೆ ಇರುತ್ತದೆ. ಹಾಗಾಗಿ ನಂಟು ಸರಾಸರಿಯ ಆಚೆಗೂ ಉಳಿಯುತ್ತದೆ. ಸರಳ ಸರಾಸರಿಯ ಬದಲು ಎಕ್ಸ್‌ಪೊನೆನ್ಷಿಯಲ್ ಸರಾಸರಿ ಹಾಕಿದರೂ, ಎರಡಕ್ಕೂ ಒಂದೇ ಕಡೆಯಿಂದ ಶುರು ಮಾಡಿದರೆ, ಇದೇ ಕತೆ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ, ಇದು ನನಗೆ ಇಷ್ಟವಾದ ಭಾಗ. ಎಂಟನೇ ದಿನದ ಸ್ಲೋ %K 55, ಒಂಬತ್ತನೇ ದಿನದ್ದು 50. 73.33, 55, 50ರ ಸರಾಸರಿ 59.44. ಇದು ಒಂಬತ್ತನೇ ದಿನದ %D. ಈ ಎರಡು ಸುತ್ತಿನ ಸರಾಸರಿಯನ್ನು ಬಿಡಿಸಿ ಬರೆದರೆ ಹಸಿ ಅಂಕಿಗಳಿಗೆ 1, 2, 3, 2, 1 ಅಂತ ತೂಕ ಸಿಗುತ್ತದೆ.

```
%D = (1×80 + 2×90 + 3×50 + 2×25 + 1×75) / 9
   = 535 / 9 = 59.44

(1×−20 + 2×−10 + 3×−50 + 2×−75 + 1×−25) / 9
   = −365 / 9 = −40.56
−40.56 + 100 = 59.44
```

ತೂಕ ನೋಡಿ. ಇವತ್ತಿನ ಅಂಕಿಗೆ ಸಿಗುವುದು ಒಂಬತ್ತರಲ್ಲಿ ಒಂದು ಪಾಲು. ಎರಡು ದಿನ ಹಿಂದಿನದಕ್ಕೆ ಮೂರು ಪಾಲು. %D ಯಾಕೆ ತಡವಾಗಿ ತಿರುಗುತ್ತದೆ ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಮೂರು ದಿನದ ಒಂದು ಸರಾಸರಿ ಸುಮಾರು ಒಂದು ಕ್ಯಾಂಡಲ್‌ನಷ್ಟು ಹಿಂದೆ ಉಳಿಯುತ್ತದೆ, ಎರಡು ಸುತ್ತು ಮಾಡಿದರೆ ಎರಡು ಕ್ಯಾಂಡಲ್‌ನಷ್ಟು. '%R ಬೇಗ ಹೇಳುತ್ತದೆ' ಅಂತ ಜನ ಹೇಳುವುದು ಇದನ್ನೇ. ಅದರ ಸೂತ್ರ ಹೆಚ್ಚು ಚುರುಕಾಗಿರುವುದರಿಂದ ಅಲ್ಲ, ಅದನ್ನು ಯಾರೂ ಸರಾಸರಿ ಮಾಡದೆ ಬಿಟ್ಟಿರುವುದರಿಂದ.

ಸ್ಲೋ %K ಮತ್ತು %D ಒಂದನ್ನೊಂದು ದಾಟುವ ಕ್ರಾಸ್‌ಓವರ್ ಬೇಕಾದರೂ %R ನಲ್ಲಿ ಸಿಗುತ್ತದೆ. %R ಗೆ ಮೂರು ದಿನದ ಸರಾಸರಿ, ಅದಕ್ಕೆ ಮತ್ತೆ ಮೂರು ದಿನದ ಸರಾಸರಿ. ಎರಡೂ ಗೆರೆ ನೂರರಷ್ಟೇ ಕೆಳಗೆ ಇಳಿದಿರುವುದರಿಂದ ಅದೇ ಕ್ಯಾಂಡಲ್‌ನಲ್ಲೇ ದಾಟುತ್ತವೆ.

## ಮೆಟಾಟ್ರೇಡರ್‌ನಲ್ಲಿ ಒಂದು ಸಣ್ಣ ಕೊಕ್ಕೆ

ಇಲ್ಲಿ ತುಂಬಾ ಜನ ಎಡವುತ್ತಾರೆ. ನಾನೂ ಎಡವಿದ್ದೆ. ಮೆಟಾಟ್ರೇಡರ್‌ನ ಜೊತೆಗೆ ಬರುವ ಸ್ಟೊಕಾಸ್ಟಿಕ್‌ನಲ್ಲಿ `Slowing` ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು 3 ಇಟ್ಟರೆ ಅದು ಮೂರು %K ಗಳ ಸರಾಸರಿ ತೆಗೆಯುವುದಿಲ್ಲ. ಮೂರು ದಿನದ ಮೇಲಿನ ಸಂಖ್ಯೆಗಳನ್ನೆಲ್ಲ ಕೂಡುತ್ತದೆ, ಕೆಳಗಿನ ಸಂಖ್ಯೆಗಳನ್ನೆಲ್ಲ ಕೂಡುತ್ತದೆ, ಆಮೇಲೆ ಒಮ್ಮೆ ಭಾಗಿಸುತ್ತದೆ.

ನಮ್ಮ ಏಳನೇ ದಿನಕ್ಕೆ ಮಾಡಿ ನೋಡಿ. ಬುಡದಿಂದ ದೂರಗಳು 8, 9, 6. ಕೂಡಿದರೆ 23. ಕಂಬದ ಎತ್ತರಗಳು 10, 10, 12. ಕೂಡಿದರೆ 32. 23 ಅನ್ನು 32ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 71.88. ಸರಾಸರಿ ದಾರಿಯಲ್ಲಿ ಬಂದದ್ದು 73.33. ಎರಡೂ ತಪ್ಪಲ್ಲ. ಸರಾಸರಿ ದಾರಿಯಲ್ಲಿ ಮೂರೂ ದಿನಕ್ಕೆ ಸಮಾನ ಮಾತು. ಕೂಡಿ ಭಾಗಿಸುವ ದಾರಿಯಲ್ಲಿ ಎತ್ತರದ ಕಂಬ ಇದ್ದ ದಿನಕ್ಕೆ ಮಾತು ಜಾಸ್ತಿ. ಇಲ್ಲಿ 50 ಬಂದ ದಿನದ ಕಂಬ 12 ಇತ್ತು, ಅದು ಒಟ್ಟು ಅಂಕಿಯನ್ನು ತನ್ನ ಕಡೆ ಸ್ವಲ್ಪ ಎಳೆಯಿತು. ಮೂರೂ ಕಂಬ ಒಂದೇ ಎತ್ತರ ಇದ್ದರೆ ಎರಡು ದಾರಿಯಲ್ಲೂ ಒಂದೇ ಉತ್ತರ. ಒಂದು ದಿನ ಬೆಲೆ ದಿಢೀರ್ ಹಾರಿ ಕಂಬ ಉದ್ದವಾದರೆ ವ್ಯತ್ಯಾಸವೂ ದೊಡ್ಡದಾಗುತ್ತದೆ.

ಶೀಟಿನಲ್ಲಿ ಎರಡನ್ನೂ ಪಕ್ಕ ಪಕ್ಕ ಇಡಬಹುದು.

```
J8: =AVERAGE(G6:G8)
K8: =100*(SUM(D6:D8)-SUM(F6:F8))/(SUM(E6:E8)-SUM(F6:F8))
```

ಆದ್ದರಿಂದ ಮೆಟಾಟ್ರೇಡರ್‌ನಲ್ಲಿ %R ಗೆ ಮೂರು ದಿನದ ಸರಾಸರಿ ಹಾಕಿ ಸ್ಟೊಕಾಸ್ಟಿಕ್ ಜೊತೆ ಹೋಲಿಸಿದರೆ ಒಂದೆರಡು ಅಂಕಿ ಆಚೀಚೆ ಬರುತ್ತದೆ. ನೂರರ ನಂಟು ಮುರಿದಿಲ್ಲ, ನಯ ಮಾಡುವ ವಿಧಾನ ಬೇರೆ ಆಗಿದೆ ಅಷ್ಟೆ. %R ನಲ್ಲೂ ತುದಿಯಿಂದ ದೂರಗಳನ್ನು (2, 1, 6) ಕೂಡಿ 32ರಿಂದ ಭಾಗಿಸಿದರೆ −28.12 ಬರುತ್ತದೆ. ನೂರು ಕೂಡಿದರೆ ಮತ್ತೆ ಅದೇ 71.88.

## ನಿಮ್ಮ ಚಾರ್ಟಿನಲ್ಲಿ ಹೊಂದದಿದ್ದರೆ

ಮೊದಲು ಅವಧಿ ನೋಡಿ. ಮೆಟಾಟ್ರೇಡರ್‌ನಲ್ಲಿ ಏನೂ ಮುಟ್ಟದಿದ್ದರೆ ಸ್ಟೊಕಾಸ್ಟಿಕ್ 5, 3, 3 ಇರುತ್ತದೆ, %R 14 ಇರುತ್ತದೆ. ಕಿಟಕಿಯ ಅಗಲವೇ ಬೇರೆ, ಹೊಂದುವುದು ಹೇಗೆ? ಎರಡನ್ನೂ 14 ಮಾಡಿ, `Slowing` ಅನ್ನು 1 ಮಾಡಿ. ಅಲ್ಲೇ `Price field` ಅಂತ ಒಂದು ಆಯ್ಕೆ ಇದೆ. ಅದು `Low/High` ಇರಲಿ. `Close/Close` ಇದ್ದರೆ ಕಂಬದ ತುದಿ ಬುಡ ಎರಡನ್ನೂ ಕ್ಲೋಸ್‌ಗಳಿಂದಲೇ ಕಟ್ಟುತ್ತದೆ, ಆಗ ಅದು ಬೇರೆಯೇ ಕಂಬ.

ಟ್ರೇಡಿಂಗ್‌ವ್ಯೂನಲ್ಲಿ ಇದು ಸುಲಭ. ಅಲ್ಲಿ ಸ್ಟೊಕಾಸ್ಟಿಕ್ 14, 1, 3 ಅಂತ ಬರುತ್ತದೆ. ನಡುವಿನ 1 ಅಂದರೆ %K ಹಸಿಯಾಗಿದೆ. ಅದರ %K ಗೆರೆ ಮತ್ತು %R ಗೆರೆಯ ಆಕಾರ ಪಡಿಯಚ್ಚು.

## 80 ಮತ್ತು −20 ಯಾವಾಗ ಸಮ, ಯಾವಾಗ ಅಲ್ಲ

ಹಸಿ ಗೆರೆಗಳಲ್ಲಿ ಸಮ. ಆದರೆ ಹಸಿ %R ನ −20 ಮತ್ತು ಸ್ಲೋ ಸ್ಟೊಕಾಸ್ಟಿಕ್‌ನ 80 ಸಮ ಅಲ್ಲ. ನಮ್ಮ ಪಟ್ಟಿಯಲ್ಲೇ ನೋಡಿ. %R ಐದನೇ ದಿನ −20 ಮುಟ್ಟಿತು, ಆರನೇ ದಿನ −10ಕ್ಕೆ ಹೋಯಿತು. ಸ್ಲೋ %K ಶುರುವಾಗುವುದೇ ಏಳನೇ ದಿನ, ಅಲ್ಲಿಂದ ಅದರ ಅತಿ ದೊಡ್ಡ ಅಂಕಿ 73.33. ಅಂದರೆ ಆ 90ರ ಶಿಖರವನ್ನು ಸರಾಸರಿ ನುಂಗಿಬಿಟ್ಟಿತು. ನಯ ಮಾಡಿದ ಗೆರೆ ತುದಿಗಳನ್ನು ಕಡಿಮೆ ಸಲ ಮುಟ್ಟುತ್ತದೆ. ಹಾಗಾಗಿ %R ಗೆ ಅಂತ ಹೊಂದಿಸಿದ ಗಡಿಯನ್ನು ನೂರು ಕೂಡಿ ಸ್ಲೋ ಸ್ಟೊಕಾಸ್ಟಿಕ್‌ಗೆ ಎತ್ತಿ ಹಾಕಬೇಡಿ. ಸಂಕೇತಗಳು ಕಡಿಮೆ ಬರುತ್ತವೆ, ತಡವಾಗಿಯೂ ಬರುತ್ತವೆ.

ಎರಡಕ್ಕೂ ಇರುವ ಒಂದು ದೌರ್ಬಲ್ಯವನ್ನೂ ಇದೇ ಪಟ್ಟಿಯಲ್ಲಿ ತೋರಿಸಬಹುದು. ಹತ್ತನೇ ದಿನ ಸೇರಿಸಿ: ಹೈ 114, ಲೋ 109, ಕ್ಲೋಸ್ ನಿನ್ನೆಯಷ್ಟೇ 112. ಬೆಲೆ ಒಂದು ಪೈಸೆಯೂ ಕದಲಿಲ್ಲ. ಆದರೆ ಐದನೇ ದಿನದ ಲೋ 103 ಕಿಟಕಿಯಿಂದ ಹೊರಗೆ ಹೋಯಿತು. ಈಗ ಬುಡ 104, ತುದಿ 115. %K 75 ಇದ್ದದ್ದು 72.73ಕ್ಕೆ ಇಳಿಯಿತು, %R −25ರಿಂದ −27.27ಕ್ಕೆ. ಇವತ್ತು ಏನೂ ಆಗದಿದ್ದರೂ ಗೆರೆ ಕೆಳಗೆ ಬಾಗಿತು, ಯಾಕೆಂದರೆ ಐದು ದಿನ ಹಿಂದಿನ ಒಂದು ಅಂಕಿ ಲೆಕ್ಕದಿಂದ ಜಾರಿತು. ಗೆರೆ ತಿರುಗಿದ್ದು ಕಂಡಾಗಲೆಲ್ಲ E ಮತ್ತು F ಕಾಲಮ್ ನೋಡುವುದು ನನ್ನ ಅಭ್ಯಾಸ. ಅಲ್ಲಿ ತುದಿ ಅಥವಾ ಬುಡ ಬದಲಾಗಿ, ಕ್ಲೋಸ್ ಹಾಗೇ ಇದ್ದರೆ, ಆ ತಿರುವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ %R ಅನ್ನು ಸ್ಟೊಕಾಸ್ಟಿಕ್‌ನಿಂದ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಎರಡೂ ಒಟ್ಟಿಗೇ ಜಾರುತ್ತವೆ.

ಈಗ ನನ್ನ ಚಾರ್ಟಿನಲ್ಲಿ ಒಂದೇ ಉಳಿದಿದೆ. ಕ್ರಾಸ್‌ಓವರ್ ನೋಡಬೇಕಾದ್ದರಿಂದ ಸ್ಟೊಕಾಸ್ಟಿಕ್ ಇಟ್ಟುಕೊಂಡು, ನಡುವಿನ ಸೆಟ್ಟಿಂಗ್ 1 ಮಾಡಿದ್ದೇನೆ. ಹಸಿ ಗೆರೆಯೂ ಅದರಲ್ಲೇ ಸಿಗುತ್ತದೆ, ಅದೇ ನನ್ನ %R. ಖಾಲಿಯಾದ ಇನ್ನೊಂದು ಜಾಗದಲ್ಲಿ ವಾಲ್ಯೂಮ್ ಇದೆ. ಈ ಎರಡು ಸೂತ್ರಗಳಲ್ಲೂ ಅದರ ಹೆಸರೇ ಇಲ್ಲ, ಹಾಗಾಗಿ ಅದು ಏನಾದರೂ ಹೇಳಿದರೆ ನನಗೆ ಗೊತ್ತಿಲ್ಲದ್ದನ್ನೇ ಹೇಳುತ್ತದೆ.